ಓದುಗರ ಪ್ರಶ್ನೆ: ಬಿಲ್ ಇಲ್ಲದ ಹಳೇ ಫೋನ್ ತಗೊಳ್ಳಬಹುದಾ?

ಪ್ರಶ್ನೆ: ಓಎಲ್‌ಎಕ್ಸ್‌ನಲ್ಲಿ ಎರಡು ವರ್ಷ ಹಳೆಯ ಸ್ಯಾಮ್‌ಸಂಗ್ ಫೋನ್ ₹12,000ಕ್ಕೆ ಇದೆ. ಬಿಲ್ ಕಳೆದುಹೋಗಿದೆ, ಬಾಕ್ಸ್ ಮಾತ್ರ ಇದೆ ಅಂತಾರೆ. ₹1,000 ಅಡ್ವಾನ್ಸ್ ಹಾಕಿದ್ರೆ ಬೇರೆ ಯಾರಿಗೂ ಕೊಡಲ್ಲವಂತೆ. ಅದು ಕದ್ದ ಫೋನ್ ಅಲ್ಲ ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು ಅಡ್ವಾನ್ಸ್ ವಿಷಯ. ಒಂದು ರೂಪಾಯಿಯನ್ನೂ ಕಳಿಸಬೇಡಿ. ಫೋನ್ ನಿಮ್ಮ ಕೈಗೆ ಬರುವ ಮೊದಲು ದುಡ್ಡು ಕೇಳುವುದೇ ಈ ವ್ಯವಹಾರದಲ್ಲಿ ಅತಿ ಹಳೆಯ ಮೋಸ. "ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಕೊರಿಯರ್ ಮಾಡ್ತೀನಿ" ಅಂತ ಐಡಿ ಕಾರ್ಡ್ ಫೋಟೋ ಕಳಿಸಿದರೂ ನಂಬಬೇಡಿ. ಆ ಫೋಟೋ ಬೇರೆ ಯಾರದ್ದೋ ಆಗಿರಬಹುದು. ನಿಜವಾಗಿ ಮಾರುವವರು "ಬಂದು ನೋಡಿ" ಅಂತಾರೆ.

ನೋಡೋಕೆ ಹೋಗುವ ಮೊದಲೇ ಐಎಂಇಐ ನಂಬರ್, ಅಂದರೆ ಆ ಫೋನ್‌ನ ಗುರುತಿನ ಸಂಖ್ಯೆ ಕೇಳಿ. ಫೋನ್‌ನಲ್ಲಿ `*#06#` ಒತ್ತಿದರೆ 15 ಅಂಕಿಯ ಈ ನಂಬರ್ ಕಾಣುತ್ತದೆ. ಎರಡು ಸಿಮ್‌ನ ಫೋನ್ ಆದರೆ ಎರಡು ನಂಬರ್ ಇರುತ್ತವೆ, ಎರಡನ್ನೂ ತಗೊಳ್ಳಿ. ಆಮೇಲೆ `KYM` ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದೇ ಪರೀಕ್ಷೆ ಇದೆ. ಉತ್ತರದಲ್ಲಿ ಕಂಪನಿ, ಮಾಡೆಲ್, ನಂಬರ್‌ನ ಸ್ಥಿತಿ ಬರುತ್ತದೆ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಥವಾ ಈಗಾಗಲೇ ಬಳಕೆಯಲ್ಲಿದೆ ಅಂತ ಬಂದರೆ ಆ ಫೋನ್ ಬಿಟ್ಟುಬಿಡಿ. ಮಾಡೆಲ್ ಹೆಸರನ್ನೂ ಗಮನವಿಟ್ಟು ಓದಿ. ಕೈಲಿರುವುದು ಸ್ಯಾಮ್‌ಸಂಗ್, ಉತ್ತರದಲ್ಲಿ ಬೇರೆ ಕಂಪನಿ ಹೆಸರು ಬಂದಿದೆ ಅಂದರೆ ನಂಬರ್ ತಿದ್ದಿರುವ ಅನುಮಾನ ಪಡಲೇಬೇಕು.

ಆದರೆ ಈ ಪರೀಕ್ಷೆಗೂ ಒಂದು ಮಿತಿ ಇದೆ. ಕಳೆದುಕೊಂಡವರು ದೂರು ಕೊಟ್ಟು ಬ್ಲಾಕ್ ಮಾಡಿಸಿದ ಮೇಲಷ್ಟೇ ಆ ನಂಬರ್ ಪಟ್ಟಿಗೆ ಸೇರುತ್ತದೆ. ನಿನ್ನೆ ಕದ್ದ ಫೋನ್ ಇವತ್ತು "ಸರಿ ಇದೆ" ಅಂತಲೇ ತೋರಿಸಬಹುದು. ಹಾಗಾಗಿ ಮುಖಾಮುಖಿ ಭೇಟಿಯಲ್ಲಿ ಮಾಡುವ ಪರೀಕ್ಷೆ ಇನ್ನೂ ಮುಖ್ಯ.

ಭೇಟಿ ಹಗಲು ಹೊತ್ತಲ್ಲಿ, ಜನ ಓಡಾಡುವ ಕಡೆ ಇರಲಿ. ಬೆಂಗಳೂರಲ್ಲಾದರೆ ಮೆಟ್ರೋ ಸ್ಟೇಷನ್ ಪ್ರವೇಶದ ಹತ್ತಿರ ಒಳ್ಳೆಯದು, ಕ್ಯಾಮೆರಾ ಇರುತ್ತದೆ. ಅರ್ಧ ಗಂಟೆ ಕೂತು ನೋಡೋಕೆ ಹೋಟೆಲ್ ಇನ್ನೂ ಅನುಕೂಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಕೊನೇ ಗಳಿಗೆಯಲ್ಲಿ "ಇಲ್ಲೇ ಹಿಂದಿನ ಗಲ್ಲಿಗೆ ಬನ್ನಿ" ಅಂದರೆ ವಾಪಸ್ ಬನ್ನಿ.

ಅಲ್ಲಿ ಫೋನನ್ನು ಅವರ ಕೈಯಲ್ಲೇ ತೆರೆಸಿ. ತನ್ನದೇ ಫೋನ್ ಆದರೆ ಪಿನ್ ಅಥವಾ ಬೆರಳಚ್ಚು ಹಾಕೋಕೆ ತಡವರಿಸುವುದಿಲ್ಲ, ಅಲ್ವಾ? ನೀವೇ ಮತ್ತೆ `*#06#` ಒತ್ತಿ, ಬಾಕ್ಸ್ ಮೇಲಿನ ನಂಬರ್ ಜೊತೆ ಅಂಕಿ ಅಂಕಿ ಹೋಲಿಸಿ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಸ್ಯಾಮ್‌ಸಂಗ್‌ನಲ್ಲಿ `*#0*#` ಒತ್ತಿದರೆ ಸಾಮಾನ್ಯವಾಗಿ ಪರೀಕ್ಷೆಯ ಮೆನು ತೆರೆಯುತ್ತದೆ. ಅದರಲ್ಲಿ ಇಡೀ ಸ್ಕ್ರೀನ್‌ಗೆ ಕೆಂಪು, ಹಸಿರು ಬಣ್ಣ ತುಂಬಿಸಿ ನೋಡಿದರೆ ಗೆರೆ, ಕಲೆ ಎದ್ದು ಕಾಣುತ್ತವೆ. ಚಾರ್ಜರ್ ಚುಚ್ಚಿ ನೋಡುವುದನ್ನೂ ಮರೆಯಬೇಡಿ.

ಎಲ್ಲಾ ಸರಿ ಇದ್ದರೆ ಕೊನೆಯದಾಗಿ ರೀಸೆಟ್. ಗೂಗಲ್ ಮತ್ತು ಸ್ಯಾಮ್‌ಸಂಗ್ ಖಾತೆ ಎರಡನ್ನೂ ಅವರಿಂದಲೇ ತೆಗೆಸಿ, ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ. ಆಮೇಲೆ ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿಸಿ ಮೊದಲಿನಿಂದ ಸೆಟಪ್ ಮಾಡಿ. ಹೋಮ್ ಸ್ಕ್ರೀನ್ ಬರುವವರೆಗೂ ದುಡ್ಡು ಕೊಡಬೇಡಿ. ನಡುವೆ ಹಳೇ ಪಿನ್ ಅಥವಾ ಹಳೇ ಗೂಗಲ್ ಖಾತೆ ಕೇಳಿತು ಅಂದರೆ ಲಾಕ್ ಹೋಗಿಲ್ಲ. ಮಾಲೀಕರಾದರೆ ಅಲ್ಲೇ ಅದನ್ನು ಬಿಡಿಸುತ್ತಾರೆ. "ಮನೆಗೆ ಹೋಗಿ ಪಾಸ್‌ವರ್ಡ್ ಕಳಿಸ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ. "ಆಗಲೇ ರೀಸೆಟ್ ಮಾಡ್ಕೊಂಡು ಬಂದಿದ್ದೀನಿ" ಅಂದವರ ಫೋನನ್ನೂ ಇಂಟರ್ನೆಟ್ ಕೊಟ್ಟು ಪೂರ್ತಿ ಸೆಟಪ್ ಮಾಡಿಯೇ ನೋಡಿ.

ದುಡ್ಡನ್ನು ಯುಪಿಐನಲ್ಲಿ ಕೊಟ್ಟರೆ ದಾಖಲೆ ಉಳಿಯುತ್ತದೆ. ಸ್ಕ್ಯಾನ್ ಮಾಡಿದಾಗ ಬರುವ ಹೆಸರು, ಅವರು ಹೇಳಿದ ಹೆಸರು ಒಂದೇನಾ ನೋಡಿ. ಬೇರೆ ಇದ್ದರೆ ಯಾಕೆ ಅಂತ ಕೇಳಿ.

ಈಗ ಬಿಲ್ ವಿಷಯ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆರ್ಡರ್ ಹಿಸ್ಟರಿಯಲ್ಲಿ ಬಿಲ್ ಸಿಗುತ್ತದೆ, ಅಂಗಡಿಯಲ್ಲಿ ಕೊಂಡಿದ್ದರೆ ಅಲ್ಲೂ ಕೇಳಬಹುದು. ಹುಡುಕಿಸಿ. ಸಿಗಲೇ ಇಲ್ಲ ಅಂದರೂ ಬಾಕ್ಸ್ ಹೊಂದಿ, ಲಾಕ್ ಬಿಡಿಸಿ, ಗುರುತಿನ ಚೀಟಿ ತೋರಿಸಿದರೆ ನಾನಾದರೆ ತಗೊಳ್ಳುತ್ತೇನೆ. ಆದರೆ ಒಂದು ಬಿಳಿ ಹಾಳೆಯಲ್ಲಿ ಫೋನ್ ಮಾಡೆಲ್, ಎರಡೂ ಐಎಂಇಐ, ಬೆಲೆ, ತಾರೀಖು, "ಇದು ನನ್ನ ಸ್ವಂತ ಫೋನ್, ಇವರಿಗೆ ಮಾರಿದ್ದೇನೆ" ಅಂತ ಬರೆಸಿ ಸಹಿ ಹಾಕಿಸುತ್ತೇನೆ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಅನುಮಾನಕ್ಕೆ ಕಾರಣ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ಪೊಲೀಸರು ವಿಚಾರಿಸಿದ ದಿನ ನೀವು ಪರೀಕ್ಷಿಸಿಯೇ ಕೊಂಡಿರಿ ಎನ್ನಲು ಆ ಹಾಳೆ, 14422ರಿಂದ ಬಂದ ಮೆಸೇಜ್, ಯುಪಿಐ ರಸೀದಿ ಬೇಕಾಗುತ್ತವೆ.

ಅಡ್ವಾನ್ಸ್ ಆಗಲೇ ಕಳಿಸಿಬಿಟ್ಟಿದ್ದು, ಈಗ ಅವರು ಫೋನ್ ಎತ್ತುತ್ತಿಲ್ಲವಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡು ಬೇರೆ ಖಾತೆಗೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ.