ಗಂಡನಿಗೆ ವರ್ಗಾವಣೆ ಆಯ್ತು, ನಾನು ಅಕೌಂಟ್ಸ್ ಕೆಲಸ ಬಿಡಲೇಬೇಕಾ?

ಪ್ರಶ್ನೆ: ಉಡುಪಿಯ ಒಬ್ಬರು ಆಡಿಟರ ಆಫೀಸಿನಲ್ಲಿ ಜಿಎಸ್‌ಟಿ ಕೆಲಸ ನೋಡುತ್ತೇನೆ. ಗಂಡ ಬ್ಯಾಂಕ್ ಆಫೀಸರ್. ಈಗ ಗುಜರಾತಿಗೆ ವರ್ಗ ಆಗಿದೆ. ಅಲ್ಲಿ ಹೊಸ ಕೆಲಸ ಹುಡುಕಬೇಕಾ?

ಉತ್ತರ: ಹುಡುಕುವ ಮೊದಲು ಈಗಿನ ಕೆಲಸವನ್ನೇ ಜೊತೆಗೆ ಒಯ್ಯಲು ನೋಡಿ. ಹೊಸ ಊರಿನಲ್ಲಿ ಕೆಲಸ ಸಿಕ್ಕಿ ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ವರ್ಗಾವಣೆ ಬರುತ್ತದೆ. ನೀವು ಲೆಕ್ಕ ನೋಡುವ ಅಂಗಡಿಗಳು ಮಾತ್ರ ಉಡುಪಿಯಲ್ಲೇ ಇರುತ್ತವೆ, ರಿಟರ್ನ್ ಎಲ್ಲಿಂದ ಬೇಕಾದರೂ ಹಾಕಬಹುದು.

ಆಡಿಟರ ಹತ್ತಿರ "ಮನೆಯಿಂದ ಕೆಲಸ ಕೊಡಿ" ಎಂದು ಸುಮ್ನೆ ಕೇಳಬೇಡಿ. "ಈ 15 ಅಂಗಡಿಗಳ ಫೈಲ್ ನಾನು ನೋಡಿಕೊಳ್ಳುತ್ತೇನೆ, ಫೈಲಿಗೆ ಇಷ್ಟು ಕೊಡಿ" ಎಂದು ಹೆಸರು ಬರೆದುಕೊಂಡೇ ಹೋಗಿ. ಫೈಲಿಗೆ ತಿಂಗಳಿಗೆ 800 ರೂಪಾಯಿ ಎಂದು ಮಾತಾಯಿತು ಅಂದುಕೊಳ್ಳಿ, 12,000 ಆಗುತ್ತದೆ. ಸಂಬಳಕ್ಕಿಂತ ಕಡಿಮೆ ಇರಬಹುದು, ಪಿಎಫ್ ಕೂಡ ಇಲ್ಲ. ಆದರೆ ಮುಂದಿನ ವರ್ಗಾವಣೆ ಬಂದರೂ ಈ ಕೆಲಸ ನಿಂತುಹೋಗುವುದಿಲ್ಲ.

ಯಾವ ಫೈಲ್ ಆರಿಸುತ್ತೀರಿ ಎನ್ನುವುದು ಮುಖ್ಯ. ಮೊದಲು ಒಟ್ಟು ಮಾರಾಟದ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಅಂಗಡಿಗಳನ್ನು ಕೇಳಿ. ಅವರಿಗೆ ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ಇಲ್ಲ, ಹಾಗಾಗಿ ಮೂರು ತಿಂಗಳ ಮಾರಾಟದ ಮೊತ್ತ ಸಿಕ್ಕರೆ ಹೆಚ್ಚಿನ ಕೆಲಸ ಮುಗಿಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಗಳು. ಪ್ರತಿ ತಿಂಗಳು ಹಾಕುವ, ಖರೀದಿ ಬಿಲ್ ಜಾಸ್ತಿ ಇರುವ ಹಾರ್ಡ್‌ವೇರ್ ಅಂಗಡಿಯಂಥ ಫೈಲನ್ನು ಸದ್ಯಕ್ಕೆ ಆಫೀಸಿಗೇ ಬಿಡಿ. 14ಕ್ಕೆ ಖರೀದಿ ಕ್ರೆಡಿಟ್ ತೋರಿಸುವ 2ಬಿ ಪಟ್ಟಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ 3ಬಿ ರಿಟರ್ನ್ ಹಾಕಬೇಕು. ನಡುವೆ ಒಂದು ಬಿಲ್ ತಾಳೆಯಾಗದಿದ್ದರೂ ಅಂಗಡಿಗೇ ಹೋಗಿ ಕಡತ ತೆಗೆಸಬೇಕಾಗುತ್ತದೆ, ದೂರದಿಂದ ಅದು ಕಷ್ಟ.

ದೂರದ ಕೆಲಸ ನಿಜವಾಗಿ ಕೈಕೊಡುವುದು ಒಟಿಪಿಯಲ್ಲಿ. ರಿಟರ್ನ್ ಫೈಲ್ ಮಾಡುವಾಗ ಒಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ ಮತ್ತು ಈಮೇಲಿಗೆ. ಕೊನೆಯ ದಿನ ಸಂಜೆ ಏಳು ಗಂಟೆ, ಅಂಗಡಿ ತುಂಬಾ ಗಿರಾಕಿಗಳು, ಅವರು ಫೋನ್ ಎತ್ತುವುದಿಲ್ಲ. 3ಬಿ ಆದರೆ ಮರುದಿನದಿಂದ ದಿನಕ್ಕೆ 50 ರೂಪಾಯಿ ಲೇಟ್ ಫೀ ಏರುತ್ತದೆ, ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. ಆದ್ದರಿಂದ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒಟಿಪಿ ಕೇಳುವ ಕ್ರಮ ಇಟ್ಟುಕೊಳ್ಳಿ, ಅದೂ ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ. ಬಿಲ್ ತಡವಾಗಿ ಕಳಿಸಿದರೆ ಲೇಟ್ ಫೀ ಯಾರದ್ದು ಎಂದು ಆಡಿಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ನಿಮ್ಮದು ಬಿಕಾಂ ಆಗಿದ್ದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಆಗ ವ್ಯಾಪಾರಿ ತನ್ನ ಲಾಗಿನ್‌ನಿಂದ ನಿಮಗೆ ಒಪ್ಪಿಗೆ ಕೊಡುತ್ತಾರೆ, ಅವರ ಪಾಸ್‌ವರ್ಡ್ ನಿಮ್ಮ ಹತ್ತಿರ ಇಟ್ಟುಕೊಳ್ಳುವ ತಲೆನೋವು ಇಲ್ಲ.

ಹೊರಡುವ ಮೊದಲು ಒಂದು ತ್ರೈಮಾಸಿಕವನ್ನು ಉಡುಪಿಯಲ್ಲೇ, ಆಫೀಸಿಗೆ ಕಾಲಿಡದೆ, ಮನೆಯಿಂದಲೇ ಮುಗಿಸಿ ನೋಡಿ. ಯಾರು ವಾಟ್ಸಾಪಿನಲ್ಲಿ ಬಿಲ್ ಸರಿಯಾಗಿ ಕಳಿಸುತ್ತಾರೆ, ಯಾರಿಗೆ ಮೂರು ಸಲ ಹೇಳಬೇಕು ಎಂಬುದು ಆಗಲೇ ತಿಳಿಯುತ್ತದೆ. ಮೂರು ಸಲ ಹೇಳಿಸಿಕೊಳ್ಳುವವರ ಫೈಲನ್ನು ವಾಪಸ್ ಕೊಟ್ಟುಬಿಡಿ.