ಕಥೆಯ ನಾಯಿಮರಿ ತನ್ನ ಗೊಂಬೆ ಕೊಟ್ಟುಬಿಟ್ಟರೆ ಮಗಳು ಅಳುತ್ತಾಳೆ, ಕಥೆ ಹೇಗೆ ಹೇಳಲಿ?

ಓದುಗರ ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಆಟದ ಸಾಮಾನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದಕ್ಕೇ ಮಲಗಿಸುವಾಗ ಒಂದು ನಾಯಿಮರಿಯ ಕಥೆ ಹೇಳುತ್ತೇನೆ. ಮರಿ ತನ್ನ ಗೊಂಬೆ ಕೊಡಲ್ಲ ಅನ್ನುತ್ತದೆ. ಗೆಳೆಯರು ಬೇಜಾರಾಗಿ ಹೊರಟುಹೋಗುತ್ತಾರೆ. ಒಂಟಿಯಾದ ಮರಿಗೆ ಬುದ್ಧಿ ಬಂದು ಗೊಂಬೆ ಕೊಟ್ಟುಬಿಡುತ್ತದೆ. ಆ ಜಾಗ ಬಂದ ಕೂಡಲೇ ಮಗಳು "ಬೇಡ, ಕೊಡಬೇಡ" ಅಂತ ಅಳಲು ಶುರು ಮಾಡುತ್ತಾಳೆ. ನಿದ್ದೆ ಹಾರಿಹೋಗುತ್ತದೆ. ಕಥೆ ಬಿಟ್ಟುಬಿಡಲೇ, ಬೇರೆ ಥರ ಹೇಳಲೇ?

ಉತ್ತರ: ಬಿಡಬೇಡಿ, ಬೇರೆ ಥರ ಹೇಳಿ. ಮಗಳು ಕಥೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾಳೆ. ನಾಯಿಮರಿಯ ಹತ್ತಿರ ಗೊಂಬೆ ಇತ್ತು, ಈಗ ಇಲ್ಲ. ಅವಳಿಗೆ ಕಂಡ ಕಥೆ ಅಷ್ಟೇ. ಕೊಟ್ಟದ್ದು ವಾಪಸ್ ಬರುತ್ತದೆ ಅನ್ನುವುದು ದೊಡ್ಡವರಿಗೆ ಗೊತ್ತು. ಎರಡೂವರೆ ವರ್ಷದ ಮಗುವಿಗೆ "ಆಮೇಲೆ", "ಸ್ವಲ್ಪ ಹೊತ್ತು" ಅನ್ನುವ ಮಾತುಗಳು ಇನ್ನೂ ಕೈಗೆ ಸಿಕ್ಕಿರುವುದಿಲ್ಲ. ಕಣ್ಣೆದುರು ಕೈಬಿಟ್ಟು ಹೋದದ್ದು ಹೋದ ಹಾಗೆಯೇ. ಅದೂ ಅಲ್ಲದೆ "ನಂದು" ಅನ್ನುವುದನ್ನು ಅವಳು ಈಗಷ್ಟೇ ಕಲಿತಿದ್ದಾಳೆ. ಕಲಿತದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ವಯಸ್ಸು ಇದು. ಅದು ಸ್ವಾರ್ಥ ಅಲ್ಲ.

ಇನ್ನೊಂದು ವಿಷಯ ನೋಡಿ. ನೀವು ಈ ಕಥೆ ಹೇಳುವುದು ದೀಪ ಆರಿಸುವ ಹೊತ್ತಿಗೆ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿ ನಿಮ್ಮನ್ನೂ ಬಿಟ್ಟುಕೊಡಬೇಕು. ಅಂಥ ಹೊತ್ತಿನಲ್ಲಿ ಗೆಳೆಯರೆಲ್ಲ ಎದ್ದುಹೋದರು, ಗೊಂಬೆಯೂ ಹೋಯಿತು ಅಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಬಹುಶಃ ಆಗ ಅವಳ ತೋಳಿನಲ್ಲೂ ಒಂದು ಗೊಂಬೆ ಇರುತ್ತದೆ, ಅಲ್ವಾ? ಅದನ್ನೂ ಯಾರಿಗೋ ಕೊಡಬೇಕಾಗುತ್ತದೇನೋ ಅಂತ ಅವಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮಲಗುವಾಗ ಅಪ್ಪಿಕೊಳ್ಳುವ ಗೊಂಬೆಯನ್ನು ಯಾರ ಜೊತೆಗೂ ಹಂಚಿಕೊಳ್ಳಬೇಕಿಲ್ಲ, ನಿಜವಾಗಿಯೂ, ಕಥೆಯಲ್ಲೂ.

ಹಾಗಾಗಿ ಗೊಂಬೆಯ ಜಾಗಕ್ಕೆ ಚೆಂಡು ತನ್ನಿ. ಚೆಂಡಿಗೆ ಒಂದು ಒಳ್ಳೆಯ ಗುಣ ಇದೆ. ತಳ್ಳಿದರೆ ಹೋಗುತ್ತದೆ, ಆ ಕಡೆ ಯಾರಾದರೂ ಇದ್ದರೆ ವಾಪಸ್ ಬರುತ್ತದೆ. ಕೊಡುವುದು, ಮತ್ತೆ ಸಿಗುವುದು ಎರಡೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಕಾಯುವ ಹೊತ್ತು ಅಷ್ಟು ಚಿಕ್ಕದಾದರೆ ಮಗು ತಡೆದುಕೊಳ್ಳುತ್ತದೆ. ಗೆಳೆಯರನ್ನು ಕಳಿಸಬೇಡಿ, ಪಕ್ಕದಲ್ಲೇ ಕೂರಿಸಿ. ಮರಿಗೆ ಬುದ್ಧಿ ಹೇಳುವವರು ಯಾರೂ ಬೇಡ. ಕೊನೆಗೆ ಚೆಂಡು ಮರಿಯ ಹತ್ತಿರವೇ ಇರಲಿ.

ಹೀಗೆ ಹೇಳಿ ನೋಡಿ:

> ಗುಂಡ ಅಂತ ಒಂದು ನಾಯಿಮರಿ. ಗುಂಡನ ಹತ್ತಿರ ಒಂದು ಕೆಂಪು ಚೆಂಡು.
>
> ಗುಂಡ ಮೂಗಿನಿಂದ ಚೆಂಡು ತಳ್ಳಿತು. ಚೆಂಡು ಗುಡುಗುಡು ಉರುಳಿತು. ಗೋಡೆ ಹತ್ತಿರ ಹೋಗಿ ನಿಂತಿತು. ಗುಂಡ ಓಡಿ ಹೋಗಿ ತಂದಿತು.
>
> ಆಗ ಮಿನ್ನಿ ಬೆಕ್ಕು ಬಂತು. "ಗುಂಡ, ಗುಂಡ, ಚೆಂಡು ನಂಗೂ ಬೇಕು."
>
> ಗುಂಡ ಎರಡೂ ಕಾಲು ಚೆಂಡಿನ ಮೇಲಿಟ್ಟಿತು. "ಗುರ್ರ್! ನಂದು!"
>
> ಮಿನ್ನಿ ಹೇಳಿತು, "ಹೂಂ, ನಿಂದೇ. ನಿನ್ನ ಆಟ ಮುಗೀಲಿ. ನಾನು ಇಲ್ಲೇ ಕೂತಿರ್ತೀನಿ." ಮಿನ್ನಿ ಬಾಲ ಸುತ್ತಿಕೊಂಡು ಕೂತಿತು.
>
> ಗುಂಡ ಚೆಂಡು ತಳ್ಳಿತು. ಗುಡುಗುಡು. ಗೋಡೆ ಹತ್ತಿರ ನಿಂತಿತು. ಗುಂಡ ಓಡಿ ಹೋಗಿ ತಂದಿತು. ಉಸ್ಸಪ್ಪಾ!
>
> ಮಿನ್ನಿ ಕಡೆ ನೋಡಿತು. ಮಿನ್ನಿ ಅಲ್ಲೇ ಕೂತಿತ್ತು.
>
> ಗುಂಡ ಚೆಂಡನ್ನು ಮಿನ್ನಿ ಕಡೆ ಮೆಲ್ಲಗೆ ತಳ್ಳಿತು. "ಉರುಳು ಉರುಳು ಚೆಂಡೇ, ಹೋಗಿ ಬಾ ಚೆಂಡೇ."
>
> ಚೆಂಡು ಮಿನ್ನಿ ಹತ್ತಿರ ಹೋಯಿತು. ಗುಂಡನ ಬಾಲ ಆಡುವುದು ನಿಂತುಹೋಯಿತು. ಕಿವಿ ಜೋತುಬಿತ್ತು.
>
> ಮಿನ್ನಿ ಪಂಜದಿಂದ ತಟ್ಟಿತು. "ಉರುಳು ಉರುಳು ಚೆಂಡೇ, ಹೋಗಿ ಬಾ ಚೆಂಡೇ."
>
> ಗುಡುಗುಡು, ಗುಡುಗುಡು. ಬಂತು! ಗುಂಡನ ಮೂಗಿಗೇ ಬಂತು. ಬಾಲ ಪಟಪಟ ಆಡಿತು.
>
> ಆಮೇಲೆ ಬಿಳಿ ಮೊಲ ಬಂತು. ಅದೂ ಕೂತಿತು. ಗುಂಡನಿಂದ ಮಿನ್ನಿಗೆ, ಮಿನ್ನಿಯಿಂದ ಮೊಲಕ್ಕೆ, ಮೊಲದಿಂದ ಗುಂಡನಿಗೆ. "ಉರುಳು ಉರುಳು ಚೆಂಡೇ, ಹೋಗಿ ಬಾ ಚೆಂಡೇ."
>
> ಕತ್ತಲಾಯಿತು. ಮಿನ್ನಿಗೆ ಆಕಳಿಕೆ ಬಂತು. ಮಿನ್ನಿ ಅಮ್ಮನ ಹತ್ತಿರ ಹೋಯಿತು. ಮೊಲಕ್ಕೂ ಆಕಳಿಕೆ ಬಂತು. ಮೊಲ ಅಮ್ಮನ ಹತ್ತಿರ ಹೋಯಿತು. ಗುಂಡನೂ ಅಮ್ಮನ ಹೊಟ್ಟೆಗೆ ಒತ್ತಿಕೊಂಡು ಮಲಗಿತು. ಕೆಂಪು ಚೆಂಡು ಕಾಲ ಮಧ್ಯೆ. ನಾಳೆ ಮತ್ತೆ ಆಟ.

ನಿಧಾನವಾಗಿ ಹೇಳಿದರೆ ನಾಲ್ಕೈದು ನಿಮಿಷ ಸಾಕು. ಈ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಬೇಡ. "ಇನ್ನೊಂದು ಸಲ" ಅಂದರೆ ಇದನ್ನೇ, ಇದೇ ಮಾತುಗಳಲ್ಲಿ, ಇನ್ನಷ್ಟು ಮೆಲ್ಲಗೆ ಹೇಳಿ. ದಿನಕ್ಕೊಂದು ಹೊಸ ಸಾಹಸ ಸೇರಿಸಬೇಕು ಅನ್ನಿಸುತ್ತದೆ, ಸೇರಿಸಬೇಡಿ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮಗು ನೆಮ್ಮದಿಯಾಗಿ ಕೇಳುತ್ತದೆ. ಚೆಂಡು ವಾಪಸ್ ಬಂದೇ ಬರುತ್ತದೆ ಅನ್ನುವ ನಂಬಿಕೆ ಹುಟ್ಟುವುದೂ ಹಾಗೆ ಮತ್ತೆ ಮತ್ತೆ ಕೇಳಿಯೇ. ಮೊಲ ಬಂದ ಮೇಲೆ ದನಿ ಇಳಿಸುತ್ತಾ ಬನ್ನಿ. ಆಕಳಿಕೆಯ ಜಾಗದಲ್ಲಿ ನೀವೂ ಒಂದು ಸಲ ನಿಜವಾಗಿಯೇ ಆಕಳಿಸಿ.

ಇಡೀ ಕಥೆಯ ಜೀವ ಇರುವುದು ಗುಂಡನ ಬಾಲ ನಿಲ್ಲುವ ಕಡೆ. ಅಲ್ಲಿ ಓಡಬೇಡಿ. ಚೆಂಡು ಕೊಟ್ಟ ತಕ್ಷಣ ಮರಿಗೆ ಖುಷಿಯಾಯಿತು ಅಂತ ಹೇಳುವ ಕಥೆಗಳೇ ಜಾಸ್ತಿ. ಆದರೆ ಕೊಟ್ಟ ಕೂಡಲೇ ಆಗುವುದು ಖುಷಿಯಲ್ಲ, ಒಂದು ಸಣ್ಣ ಹೆದರಿಕೆ. ಅದು ಮಗುವಿಗೆ ಚೆನ್ನಾಗಿ ಗೊತ್ತು. ಕಥೆ ಅದನ್ನು ಒಪ್ಪಿಕೊಂಡರೆ ಮಗು ಕಥೆಯನ್ನು ಒಪ್ಪಿಕೊಳ್ಳುತ್ತದೆ. ಒಂದು ಉಸಿರು ನಿಂತು, "ಗುಂಡಂಗೆ ಈಗ ಹೇಗಾಗ್ತಿದೆ?" ಅಂತ ಕೇಳಿ. ಒಂದೇ ಪ್ರಶ್ನೆ. "ಅಳು ಬರ್ತಿದೆ" ಅಂದರೆ "ಹೂಂ, ಅಳು ಬರ್ತಿದೆ" ಅಂದು ಮುಂದೆ ಹೋಗಿ. ಸುಮ್ಮನಿದ್ದರೆ ನೀವೂ ಸುಮ್ಮನೆ ಮುಂದುವರಿಸಿ. ಸೀಲಿಯಾ ಬ್ರೌನೆಲ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಯಸ್ಸಿನ ಮಕ್ಕಳ ಮೇಲೇ ನಡೆದದ್ದು. ಪುಸ್ತಕ ನೋಡುವಾಗ ಚಿತ್ರದಲ್ಲಿರುವವರಿಗೆ ಏನನ್ನಿಸುತ್ತಿದೆ, ಯಾಕೆ ಅಂತ ಮಗುವಿನ ಬಾಯಿಂದಲೇ ಹೇಳಿಸುತ್ತಿದ್ದ ಅಪ್ಪ ಅಮ್ಮಂದಿರ ಮಕ್ಕಳು ಹೆಚ್ಚು ಹಂಚಿಕೊಳ್ಳುತ್ತಿದ್ದುದು ಅದರಲ್ಲಿ ಕಂಡಿತು. ದೊಡ್ಡವರೇ ವಿವರಿಸುತ್ತಾ ಹೋಗುವುದಕ್ಕಿಂತ ಮಗುವಿನಿಂದ ಹೇಳಿಸುವುದಕ್ಕೇ ಅಲ್ಲಿ ಹೆಚ್ಚು ನಂಟು ಇತ್ತು.

ಮಿನ್ನಿ "ನಿಂದೇ" ಅನ್ನುವುದನ್ನೂ ಬಿಡಬೇಡಿ. ಚೆಂಡು ತನ್ನದೇ ಅಂತ ಖಾತ್ರಿಯಾದ ಮೇಲೆಯೇ ಗುಂಡನ ಕಾಲು ಸಡಿಲವಾಗುವುದು. ಮತ್ತೆ, ಯಾರೂ ಅದಕ್ಕೆ "ಕೊಡು" ಅನ್ನುವುದಿಲ್ಲ, ತಾನಾಗಿ ತಳ್ಳುತ್ತದೆ. ಇದಕ್ಕೆ ಕಾರಣ ಇದೆ. ನಾದಿಯಾ ಚೆರ್ನ್ಯಾಕ್ ಮತ್ತು ತಮರ್ ಕುಶ್ನಿರ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ನಾಲ್ಕು ವರ್ಷದ ಮಕ್ಕಳ ಎದುರು ಬೇಜಾರಾಗಿರುವ ಒಂದು ನಾಯಿ ಬೊಂಬೆಯನ್ನು ಇಟ್ಟಿದ್ದರು. ಕೆಲವು ಮಕ್ಕಳಿಗೆ ಅವರ ಸ್ಟಿಕರ್ ಇಟ್ಟುಕೊಳ್ಳುವುದೋ ನಾಯಿಗೆ ಕೊಡುವುದೋ ಅಂತ ಆರಿಸುವ ಅವಕಾಶ ಇತ್ತು, ಕೆಲವರಿಗೆ ಕೊಡಲೇಬೇಕು ಅಂತ ಹೇಳಲಾಗಿತ್ತು. ಆಮೇಲೆ ಬೇರೊಂದು ಬೊಂಬೆ ಬಂದಾಗ ಅದಕ್ಕೆ ಜಾಸ್ತಿ ಕೊಟ್ಟವರು ಮೊದಲು ತಾವೇ ಆರಿಸಿ ಕೊಟ್ಟಿದ್ದ ಮಕ್ಕಳು. ನಿಮ್ಮ ಮಗಳು ಅವರಿಗಿಂತ ಚಿಕ್ಕವಳು, ಆದರೂ ಕಥೆಯಲ್ಲಿ ನಾಯಿಮರಿಗೆ ಆ ಅವಕಾಶ ಕೊಡುವುದು ಕಷ್ಟವೇನಲ್ಲ.

ಹೀಗೆ ಬದಲಾಯಿಸಿದ ಮೇಲೂ ಅವಳು "ತಳ್ಳಬೇಡ" ಅನ್ನಬಹುದು. ಆಗ ವಾದ ಬೇಡ. "ಸರಿ, ಗುಂಡಂಗೆ ಇನ್ನೊಂದು ಸಲ ಒಬ್ಬನೇ ಆಡಬೇಕು" ಅಂದು ಗೋಡೆಯ ಕಡೆಗೆ ಇನ್ನೊಂದು ಸಲ ಉರುಳಿಸಿ. ಎರಡು ಮೂರು ಸಲ ಬೇಕಾದರೂ ಉರುಳಲಿ. ಅವತ್ತು ಚೆಂಡು ಮಿನ್ನಿಯ ಕಡೆ ಹೋಗದಿದ್ದರೆ ಮಿನ್ನಿ ಪಕ್ಕದಲ್ಲೇ ನಿದ್ದೆ ಹೋಯಿತು ಅಂತ ಮುಗಿಸಿ, ನಾಳೆ ನೋಡಿಕೊಳ್ಳೋಣ. "ನೋಡು, ಗುಂಡ ಎಷ್ಟು ಜಾಣ, ನೀನು ಇವತ್ತು ಯಾಕೆ ಕೊಡಲಿಲ್ಲ?" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಹಗಲಿನ ಜಗಳವನ್ನು ಹಾಸಿಗೆಗೆ ತಂದರೆ ಗುಂಡನ ಹೆಸರು ಕೇಳಿದರೇ ಅವಳು ಮುಖ ತಿರುಗಿಸಲು ಶುರು ಮಾಡುತ್ತಾಳೆ.

ಕಥೆಯೊಂದರಿಂದಲೇ ಹಗಲಿನ ಆಟ ಬದಲಾಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಎರಡು ಥರ ಓದಿದ್ದರು, ಕೆಲವರಿಗೆ ಪಾತ್ರಗಳು ಮನುಷ್ಯರು, ಕೆಲವರಿಗೆ ಪ್ರಾಣಿಗಳು. ಮನುಷ್ಯರ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕರ್‌ಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಮಾತಾಡುವ ಪ್ರಾಣಿಗೂ ತನಗೂ ಏನು ಸಂಬಂಧ ಅಂತ ಮಗುವಿಗೆ ಹೊಳೆಯದೆ ಇರಬಹುದು. ನನ್ನ ಮಟ್ಟಿಗೆ ಇದು ನಾಯಿಮರಿಯನ್ನು ಬಿಡಲು ಕಾರಣ ಅಲ್ಲ. ಮಲಗುವ ಹೊತ್ತಿಗೆ ನಾಯಿಮರಿಯೇ ಚೆಂದ, ಅದು ಗದರಿದಂತೆ ಕೇಳಿಸುವುದಿಲ್ಲ. ಆದರೆ ಗುಂಡನಿಂದ ಮಗಳ ತನಕ ಒಂದು ದಾರಿಯನ್ನು ನೀವೇ ಹಾಕಿಕೊಡಬೇಕು.

ಆ ದಾರಿ ಬೆಳಗಿನ ಹೊತ್ತು ನೆಲದ ಮೇಲೆ. ಇಬ್ಬರೂ ಎದುರುಬದುರು ಕಾಲು ಅಗಲಿಸಿ ಕೂತುಕೊಳ್ಳಿ, ಪಾದಕ್ಕೆ ಪಾದ ತಾಗುವಷ್ಟು ಹತ್ತಿರ. ಹಾಗೆ ಕೂತರೆ ಚೆಂಡು ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ. ಕಥೆಯ ಸಾಲನ್ನೇ ಹೇಳುತ್ತಾ ಉರುಳಿಸಿ, ಬಂದ ಕೂಡಲೇ ವಾಪಸ್ ಕಳಿಸಿ. ಕೆಲವು ದಿನ ನಿಮ್ಮಿಬ್ಬರ ಮಧ್ಯೆಯೇ ನಡೆಯಲಿ. ಆಮೇಲೆ ಒಬ್ಬ ಗೆಳೆಯನನ್ನು ಸೇರಿಸಿ, ನೀವು ಪಕ್ಕದಲ್ಲಿ ಕೂತು ಸಾಲು ಹೇಳುತ್ತಿರಿ. ಗೆಳೆಯ ಬರುವ ಮೊದಲು ಅವಳಿಗೆ ತೀರಾ ಇಷ್ಟವಾದ ಸಾಮಾನುಗಳನ್ನು ಅವಳ ಕೈಯಿಂದಲೇ ಎತ್ತಿಡಿಸಿ. ಹೊರಗೆ ಉಳಿದದ್ದು ಮಾತ್ರ ಇಬ್ಬರ ಆಟಕ್ಕೆ.

ಕಥೆ ಒಳಗೆ ಇಳಿಯುತ್ತಿದೆಯೇ ಅಂತ ತಿಳಿಯಲು ಅವಳು ಕೊಟ್ಟಳೇ ಇಲ್ಲವೇ ಅಂತ ಲೆಕ್ಕ ಹಾಕಬೇಡಿ. ಮೊದಲು ಕಾಣಿಸುವ ಗುರುತು ಬೇರೆ. ಒಂದು ದಿನ ಅವಳು ಆಟದ ಸಾಮಾನನ್ನು ನಿಮ್ಮ ಕಡೆ ಚಾಚುತ್ತಾಳೆ, ನೀವು ಕೈ ನೀಡುವಷ್ಟರಲ್ಲಿ ವಾಪಸ್ ಎಳೆದುಕೊಳ್ಳುತ್ತಾಳೆ. ಅದು ಕೀಟಲೆ ಅಲ್ಲ, ವಾಪಸ್ ಬರುತ್ತದೆಯೇ ಅಂತ ಪರೀಕ್ಷೆ. ಎಳೆದುಕೊಳ್ಳಲು ಬಿಡಿ, ಕಿತ್ತುಕೊಳ್ಳಬೇಡಿ. ಮತ್ತೆ ಚಾಚಿ ನಿಜವಾಗಿಯೂ ನಿಮ್ಮ ಕೈಯಲ್ಲಿ ಇಟ್ಟರೆ ಒಂದು ಕ್ಷಣ ನೋಡಿ, ಅವಳು ಕೇಳುವ ಮೊದಲೇ "ಹೋಗಿ ಬಾ ಚೆಂಡೇ" ಅಂತ ಹೇಳಿ ತಿರುಗಿ ಕೊಟ್ಟುಬಿಡಿ.