ನಾಯಿಮರಿಯ ಹೃದಯದಲ್ಲಿ ಮರ್ಮರ: ದರ್ಜೆ ಹೇಳುವುದೆಷ್ಟು, ಎಕೋ ಬೇಕಾಗುವುದು ಯಾವಾಗ

ಮೊದಲ ಲಸಿಕೆಗೆಂದು ತಂದ ಮರಿಯ ಹೃದಯದಲ್ಲಿ ಮರ್ಮರ ಕೇಳಿಸುತ್ತಿದೆ ಎಂದು ಹೇಳಿದೊಡನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ, ‘ಎಷ್ಟನೇ ದರ್ಜೆ?’ ಎರಡು ಎಂದರೆ ಸಮಾಧಾನ, ನಾಲ್ಕು ಎಂದರೆ ಗಾಬರಿ. ಎರಡೂ ಅವಸರದ ತೀರ್ಮಾನಗಳೇ. ದರ್ಜೆ ಅಳೆಯುವುದು ಸದ್ದಿನ ಜೋರನ್ನು ಮಾತ್ರ, ಕಾಯಿಲೆಯ ತೀವ್ರತೆಯನ್ನಲ್ಲ.

ಹೃದಯ ಬಡಿಯುವಾಗ ಕವಾಟಗಳು ಮುಚ್ಚಿಕೊಳ್ಳುವ ಎರಡು ಸದ್ದುಗಳು ಕೇಳಬೇಕು, ನಡುವೆ ನಿಶ್ಶಬ್ದ. ರಕ್ತ ಸುಗಮವಾಗಿ ಹರಿಯದೆ ಸುಳಿಯೆದ್ದಾಗ ಆ ನಿಶ್ಶಬ್ದದ ಜಾಗದಲ್ಲಿ ‘ಶ್ಶ್’ ಎಂಬ ಸದ್ದು ಬರುತ್ತದೆ. ಅದೇ ಮರ್ಮರ. ನಾವು ಅದನ್ನು 1ರಿಂದ 6ರವರೆಗೆ ಗುರುತು ಹಾಕುತ್ತೇವೆ. ಶಾಂತವಾದ ಕೋಣೆಯಲ್ಲಿ ತುಸು ಹೊತ್ತು ಕಿವಿಗೊಟ್ಟರೆ ಮಾತ್ರ ಸಿಗುವುದು 1. ಮೆಲುವಾಗಿದ್ದರೂ ಸ್ಟೆತಸ್ಕೋಪ್ ಇಟ್ಟ ತಕ್ಷಣ ಕೇಳುವುದು 2. ಮಧ್ಯಮ ಜೋರಿನದು 3. ಜೋರಾಗಿದ್ದು ಎದೆಯ ಬೇರೆ ಭಾಗಗಳಿಗೂ ಹರಡುವುದು 4. ಅಂಗೈಯನ್ನು ಎದೆಯ ಮೇಲಿಟ್ಟರೆ ಕಂಪನವೂ ತಿಳಿಯುವುದಾದರೆ 5. ಸ್ಟೆತಸ್ಕೋಪನ್ನು ಚರ್ಮದಿಂದ ತುಸು ಎತ್ತಿದರೂ ಕೇಳುತ್ತಿದ್ದರೆ 6. ಎರಡಕ್ಕೂ ಮೂರಕ್ಕೂ ನಡುವಿನ ಗೆರೆ ಕೇಳುವ ಕಿವಿಯನ್ನೂ ಅವಲಂಬಿಸಿರುತ್ತದೆ. ಒಂದೇ ಮರಿಗೆ ಒಬ್ಬ ವೈದ್ಯರು 2 ಎಂದೂ ಇನ್ನೊಬ್ಬರು 3 ಎಂದೂ ಬರೆದಿದ್ದರೆ ಅಷ್ಟಕ್ಕೇ ಯಾರ ಮೇಲೂ ಸಂಶಯ ಪಡಬೇಕಿಲ್ಲ.

ಮರಿಗಳಲ್ಲಿ ಕೇಳುವ ಮೆಲುದನಿಯ ಮರ್ಮರಗಳಲ್ಲಿ ಅನೇಕವು ನಿರಪಾಯಕಾರಿ. ಮರಿಯ ರಕ್ತ ದೊಡ್ಡ ನಾಯಿಯದಕ್ಕಿಂತ ತೆಳು, ಬಡಿತವೂ ವೇಗ. ಪುಟ್ಟ ನಾಳಗಳಲ್ಲಿ ಅದು ರಭಸದಿಂದ ನುಗ್ಗುವಾಗ ಸದ್ದು ಹುಟ್ಟುತ್ತದೆ. ಇಂಥ ಮರ್ಮರದ ಲಕ್ಷಣಗಳು ಬಹುಮಟ್ಟಿಗೆ ಸ್ಪಷ್ಟ: ದರ್ಜೆ 1 ಅಥವಾ 2, ಎಡಗಡೆಯ ಮುಂಗಾಲಿನ ಬುಡದ ಬಳಿ ಮಾತ್ರ ಕೇಳುತ್ತದೆ, ಹೃದಯ ಸಂಕೋಚಿಸುವ ಹೊತ್ತಿಗೆ ಬಂದು ಬೇಗ ಮುಗಿಯುತ್ತದೆ. ಮರಿ ಉದ್ವೇಗಗೊಂಡಾಗ ಜೋರಾಗಿ, ಶಾಂತವಾದಾಗ ತಗ್ಗಬಹುದು. ಸಾಮಾನ್ಯವಾಗಿ ನಾಲ್ಕೈದು ತಿಂಗಳೊಳಗೆ ತಾನಾಗಿಯೇ ಮಾಯವಾಗುತ್ತದೆ. ಕೊಕ್ಕೆಹುಳು, ಚಿಗಟಗಳಿಂದ ರಕ್ತಹೀನತೆಯಾದ ಮರಿಯಲ್ಲೂ, ಜ್ವರ ಬಂದ ಮರಿಯಲ್ಲೂ ಇದೇ ಬಗೆಯ ಸದ್ದು ಕೇಳಬಹುದು. ಆದ್ದರಿಂದ ಒಸಡು ಬಿಳಿಚಿದ್ದರೆ ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ, ಮುಂಚೆ ರಕ್ತಪರೀಕ್ಷೆ, ಜಂತುಹುಳುವಿನ ಚಿಕಿತ್ಸೆ.

ಹಾಗಾದರೆ ಜೋರಿನ ಸದ್ದೆಲ್ಲ ದೊಡ್ಡ ದೋಷವೇ? ಅಲ್ಲ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ರಂಧ್ರವಿರುವ ಮರಿಗಳಿವೆ. ನೀರಿನ ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಒತ್ತಿ ಕಿರಿದಾಗಿಸಿದಷ್ಟೂ ನೀರು ಸಿಡಿಯುವಂತೆ, ಇಲ್ಲಿಯೂ ರಂಧ್ರ ಕಿರಿದಾದಷ್ಟೂ ರಕ್ತ ಹೆಚ್ಚು ವೇಗದಲ್ಲಿ ಚಿಮ್ಮಿ ಹೆಚ್ಚು ಸದ್ದು ಮಾಡುತ್ತದೆ. ಎದೆಯ ಬಲಗಡೆ 5ನೇ ದರ್ಜೆಯ ಮರ್ಮರವಿದ್ದೂ ಆ ಮರಿ ನೆಮ್ಮದಿಯಾಗಿ ಬಾಳಬಹುದು. ರಂಧ್ರ ದೊಡ್ಡದಾಗಿದ್ದರೆ ಸದ್ದು ಕಡಿಮೆಯಾಗಿ ತೊಂದರೆಯೇ ಹೆಚ್ಚಿರಬಹುದು. ಮಹಾಪಧಮನಿಯ ಅಥವಾ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ದಾರಿ ಕಿರಿದಾಗಿರುವ ದೋಷಗಳಲ್ಲಿ ಮಾತ್ರ ಸದ್ದು ಜೋರಾದಷ್ಟೂ ತೊಂದರೆ ಹೆಚ್ಚು ಎಂಬ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ.

ಆದ್ದರಿಂದ ನಾನು ದರ್ಜೆಯ ಜೊತೆಗೆ ಇನ್ನೆರಡು ಸಂಗತಿಗಳನ್ನು ನೋಡುತ್ತೇನೆ: ಸದ್ದು ಎಲ್ಲಿ ಜೋರಾಗಿದೆ, ಬಡಿತದ ಯಾವ ಹೊತ್ತಿನಲ್ಲಿ ಕೇಳುತ್ತದೆ. ಎಡಗಂಕುಳಲ್ಲಿ ತುಸು ಮೇಲಕ್ಕೆ ಸ್ಟೆತಸ್ಕೋಪ್ ಸರಿಸಿದಾಗ ಸದ್ದು ಎಲ್ಲಿಯೂ ನಿಲ್ಲದೆ, ಬಡಿತಕ್ಕೂ ಬಡಿತಕ್ಕೂ ನಡುವೆ ಯಂತ್ರದ ಹಾಗೆ ಏರಿಳಿಯುತ್ತ ಸಾಗಿದರೆ, ಹುಟ್ಟಿದ ಮೇಲೆ ಮುಚ್ಚಿಹೋಗಬೇಕಿದ್ದ ನಾಳವೊಂದು ತೆರೆದೇ ಉಳಿದಿದೆ ಎಂದು ಸಂಶಯ. ಹೆಣ್ಣು ಮರಿಗಳಲ್ಲಿ ಹೆಚ್ಚು. ತೊಡೆಯ ಒಳಗಿನ ನಾಡಿ ಬೆರಳಿಗೆ ಜಿಗಿದು ಬಡಿಯುತ್ತದೆ. ಇದಕ್ಕೆ ಎಕೋ ತಡಮಾಡಬಾರದು. ಮುಚ್ಚಿದರೆ ಹೆಚ್ಚಿನ ಮರಿಗಳು ಸಾಮಾನ್ಯ ಆಯುಷ್ಯ ಪಡೆಯುತ್ತವೆ; ಬಿಟ್ಟರೆ ಬಹುತೇಕ ಮರಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯ ವೈಫಲ್ಯ. ಒಂದು ಎಚ್ಚರಿಕೆ: ಮರಿ ತೇಕುತ್ತಿದ್ದರೆ ಕಂಕುಳಿನ ಮೆಲುದನಿ ಉಸಿರಿನ ಸದ್ದಿನಲ್ಲಿ ಕಳೆದುಹೋಗುತ್ತದೆ. ಬಾಯಿಯನ್ನು ಮೆಲ್ಲಗೆ ಮುಚ್ಚಿಹಿಡಿದು ಕೆಲವು ಸೆಕೆಂಡು ಕೇಳಬೇಕು.

ಎಕೋ ಯಾವಾಗ ಎಂಬುದಕ್ಕೆ ನನ್ನ ಪದ್ಧತಿ ಹೀಗಿದೆ. ದರ್ಜೆ 3 ಅಥವಾ ಹೆಚ್ಚು, ಬಲಗಡೆ ಜೋರು, ನಿರಂತರ ಸದ್ದು, ಅಥವಾ ಹೃದಯ ವಿಶ್ರಮಿಸುವ ಹೊತ್ತಿನ ಸದ್ದು: ಇವುಗಳಲ್ಲಿ ಯಾವುದಿದ್ದರೂ ವಯಸ್ಸು ನೋಡದೆ ಎಕೋ. ಒಡಹುಟ್ಟಿದವುಗಳಿಗಿಂತ ಸಣ್ಣದಾಗಿ ಉಳಿದಿರುವ, ಆಟದ ನಡುವೆ ಕುಸಿಯುವ, ನಾಲಿಗೆ ನೀಲಿಗಟ್ಟುವ ಮರಿಗೆ ಮರ್ಮರ ಒಂದನೇ ದರ್ಜೆಯದಾದರೂ ಎಕೋ. ಉಳಿದ 1–2ರ ಮರಿಗಳನ್ನು ಪ್ರತಿ ಲಸಿಕೆಗೆ ಬಂದಾಗ ಮತ್ತೆ ಕೇಳುತ್ತೇನೆ. 16ರಿಂದ 20 ವಾರದ ಹೊತ್ತಿಗೂ ಹೋಗದಿದ್ದರೆ, ಅಥವಾ ನಡುವೆಯೇ ಜೋರಾದರೆ, ಎಕೋ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮುನ್ನವೂ ಉಳಿದಿರುವ ಮರ್ಮರಕ್ಕೆ ಉತ್ತರ ಸಿಕ್ಕಿರಬೇಕು. ಔಷಧಿ, ದ್ರವದ ಪ್ರಮಾಣ ಎರಡೂ ಅದರ ಮೇಲೆ ನಿಂತಿವೆ.

ಈ ಪದ್ಧತಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಗೋಲ್ಡನ್ ರಿಟ್ರೀವರ್ ಗಂಡು ಮರಿಯ ಉದಾಹರಣೆ ಕೊಡುತ್ತೇನೆ. ಎಂಟನೇ ವಾರದಲ್ಲಿ ಎಡಗಡೆ ದರ್ಜೆ 2. ಚೆನ್ನಾಗಿ ತಿನ್ನುತ್ತಿತ್ತು, ತೂಕ ಸರಿಯಾಗಿತ್ತು, ನಾಡಿ ಸಹಜ. ಇನ್ನೊಂದು ತಳಿಯ ಮರಿಯಾಗಿದ್ದರೆ ಮುಂದಿನ ಲಸಿಕೆಯವರೆಗೆ ಯೋಚನೆಯನ್ನೇ ಬಿಡಿ ಎನ್ನುತ್ತಿದ್ದೆ. ಆದರೆ ಗೋಲ್ಡನ್, ನ್ಯೂಫೌಂಡ್‌ಲ್ಯಾಂಡ್, ಬಾಕ್ಸರ್, ರಾಟ್‌ವೈಲರ್ ತಳಿಗಳಲ್ಲಿ ಮಹಾಪಧಮನಿಯ ಕವಾಟದ ಕೆಳಗೆ ನಾರಿನ ಉಂಗುರ ಬೆಳೆದು ದಾರಿ ಕಿರಿದಾಗುವ ದೋಷ ಕಾಣಿಸಿಕೊಳ್ಳುತ್ತದೆ. ಈ ಉಂಗುರ ಹುಟ್ಟಿದಾಗ ಪೂರ್ಣವಾಗಿ ಇರದೆ ಮೊದಲ ವರ್ಷದಲ್ಲಿ ಬೆಳೆಯಬಹುದು. ಎಂಟು ವಾರದ ಮೆಲುದನಿ ನಂಬಲರ್ಹವಲ್ಲ ಎಂದು ಮಾಲೀಕರಿಗೆ ಆಗಲೇ ಹೇಳಿದೆ. ಹನ್ನೆರಡನೇ ವಾರದಲ್ಲಿಯೂ ದರ್ಜೆ 2. ಹದಿನಾರಕ್ಕೆ 3, ಕತ್ತಿನ ಬುಡದವರೆಗೂ ಕೇಳುತ್ತಿತ್ತು. ಎಕೋಗೆ ಕಳುಹಿಸಿದೆ.

ವರದಿಯಲ್ಲಿ ಕವಾಟದ ಕೆಳಗೆ ಸಣ್ಣ ದಿಬ್ಬದಂಥ ಅಂಚು ಕಂಡಿತ್ತು. ಮಹಾಪಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 3.2 ಮೀಟರ್. ವೇಗವನ್ನು ಒತ್ತಡವಾಗಿ ತಿಳಿಯಲು ವೇಗದ ವರ್ಗವನ್ನು ನಾಲ್ಕರಿಂದ ಗುಣಿಸುತ್ತೇವೆ: 3.2 × 3.2 × 4, ಸುಮಾರು 41 ಮಿಲಿಮೀಟರ್ ಪಾದರಸ. ಅಡೆತಡೆಯ ಎರಡು ಬದಿಗಳ ನಡುವಿನ ಒತ್ತಡದ ವ್ಯತ್ಯಾಸ ಅದು. 50ರ ಒಳಗಿದ್ದರೆ ಸೌಮ್ಯ, 50ರಿಂದ 80 ಮಧ್ಯಮ, 80 ದಾಟಿದರೆ ತೀವ್ರ. ಈ ಮರಿ ಸೌಮ್ಯ ಗುಂಪಿನದು. ಔಷಧಿ ಬೇಡ, ಓಡಾಟಕ್ಕೆ ನಿರ್ಬಂಧ ಬೇಡ, ಸಂತಾನಕ್ಕೆ ಬಳಸಬಾರದು. ಬೆಳವಣಿಗೆ ಮುಗಿದ ಮೇಲೆ, ಒಂದು ವರ್ಷಕ್ಕೆ, ಮತ್ತೆ ಎಕೋ ಮಾಡಿಸಲು ಹೇಳಿದೆ. ಹದಿನಾರು ವಾರದ ಸೌಮ್ಯ ಅಂಕಿಯೇ ಅಂತಿಮವಲ್ಲ. ಅಳೆಯುವಾಗ ಮರಿ ಉದ್ವೇಗದಲ್ಲಿದ್ದರೆ ಅಂಕಿ ಏರುತ್ತದೆ. ಹಾಗಾಗಿ ಎರಡು ವರದಿಗಳನ್ನು ಹೋಲಿಸುವಾಗ ಅಳತೆಯ ಹೊತ್ತಿನ ಬಡಿತದ ವೇಗವನ್ನೂ ನೋಡಬೇಕು.

ಎಕ್ಸ್‌ರೇ ಸಾಲದೇ ಎಂದು ಕೇಳುವವರು ಹಲವರು. ಹೃದಯ ದೊಡ್ಡದಾಗಿದೆಯೇ, ಶ್ವಾಸಕೋಶದಲ್ಲಿ ನೀರು ತುಂಬಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಆದರೆ ಈ ಗೋಲ್ಡನ್ ಮರಿಯಂತಹವುಗಳಲ್ಲಿ ಎಕ್ಸ್‌ರೇ ಪೂರ್ತಿ ಸಹಜವಾಗಿಯೇ ಇರಬಹುದು. ಇಸಿಜಿ ಬಡಿತದ ಲಯ ಹೇಳುತ್ತದೆ, ರಂಧ್ರವನ್ನಲ್ಲ. ರಕ್ತದ ಹರಿವನ್ನು, ಅದರ ದಿಕ್ಕನ್ನು, ವೇಗವನ್ನು ಕಾಣಿಸುವುದು ಡಾಪ್ಲರ್ ಸಹಿತದ ಎಕೋ. ಅದನ್ನು ಮಾಡಿಸುವಾಗ, ಹುಟ್ಟಿನಿಂದ ಬರುವ ಹೃದಯ ದೋಷಗಳನ್ನು ನೋಡಿ ಅಭ್ಯಾಸವಿರುವವರ ಬಳಿಯೇ ಮಾಡಿಸಿ. ಹೊಟ್ಟೆಯ ಸ್ಕ್ಯಾನ್ ಮಾತ್ರ ಮಾಡಿ ರೂಢಿಯಿರುವವರು ಸಣ್ಣ ಉಂಗುರವೊಂದನ್ನು ಗಮನಿಸದೆ ಹೋಗುವ ಸಾಧ್ಯತೆ ಇದೆ. ಮರಿ ಸುಮ್ಮನೆ ಮಲಗುವುದಾದರೆ ಅರಿವಳಿಕೆ ಬೇಕಾಗುವುದಿಲ್ಲ.